ಉದ್ದದ ಲೇಖನದಿಂದ ಒಂದು ನಿಮಿಷದ ವಿಡಿಯೊ: ಸ್ಕ್ರಿಪ್ಟ್ ಮತ್ತು ದೃಶ್ಯ ವಿಭಜನೆ

ಉದಾಹರಣೆಗೆ ಅಧಿಕ ವರ್ಷದ ಬಗ್ಗೆ 1800 ಪದಗಳ ಒಂದು ಲೇಖನ ಇದೆ ಎಂದುಕೊಳ್ಳೋಣ. ಜೂಲಿಯಸ್ ಸೀಸರ್‌ನ ಸುಧಾರಣೆ, 1582ರಲ್ಲಿ ಪೋಪ್ ಗ್ರೆಗರಿ ತಂದ ಬದಲಾವಣೆ, ಬ್ರಿಟನ್ ಅದನ್ನು 1752ರವರೆಗೂ ಒಪ್ಪದೇ ಇದ್ದದ್ದು, ಜೊತೆಗೆ ಲೆಕ್ಕದ ನಿಯಮ, ಎಲ್ಲವೂ ಅದರಲ್ಲಿವೆ. ಇದನ್ನು 60 ಸೆಕೆಂಡಿನ ವಿಡಿಯೊ ಮಾಡಬೇಕು.

ಇಲ್ಲಿ ಹೆಚ್ಚಿನವರು ಪ್ರತಿ ಪ್ಯಾರಾದಿಂದ ಒಂದೊಂದು ವಾಕ್ಯ ಆರಿಸಿ ಜೋಡಿಸುತ್ತಾರೆ. ಹಾಗೆ ಮಾಡಿದರೆ ಸಿಗುವುದು ಸಾರಾಂಶವೇ ಹೊರತು ಸ್ಕ್ರಿಪ್ಟ್ ಅಲ್ಲ. ಅದರ ಬದಲು ಲೇಖನದೊಳಗಿನ ಒಂದೇ ಒಂದು ಪ್ರಶ್ನೆ ಹಿಡಿಯಿರಿ. ನಾನು ಆರಿಸಿದ್ದು: 1900 ನಾಲ್ಕರಿಂದ ಭಾಗವಾಗುತ್ತದೆ, ಆದರೂ ಅದು ಅಧಿಕ ವರ್ಷವಲ್ಲ, ಏಕೆ? ಈ ಪ್ರಶ್ನೆಗೆ ಉತ್ತರ ಹೇಳಲು ಸೀಸರ್ ಬೇಡ, ಪೋಪ್ ಬೇಡ, ಬ್ರಿಟನ್ ಅಂತೂ ಬೇಡವೇ ಬೇಡ. ಇತಿಹಾಸದ ಭಾಗವೇ ಲೇಖನದಲ್ಲಿ ಸೊಗಸಾಗಿದ್ದರೂ ಬಿಡಲೇಬೇಕು. ಅದು ಇನ್ನೊಂದು ವಿಡಿಯೊ ಆಗಲಿ.

ಮುಂದಿನದು ಅಳತೆ. ಇಂಗ್ಲಿಷ್‌ನಲ್ಲಿ ನಿಮಿಷಕ್ಕೆ ಸುಮಾರು 150 ಪದ ಎನ್ನುವ ಲೆಕ್ಕವಿದೆ. ಕನ್ನಡದ ಪದಗಳಿಗೆ ಪ್ರತ್ಯಯಗಳೆಲ್ಲ ಅಂಟಿಕೊಂಡು ಉದ್ದವಾಗುವುದರಿಂದ ಆ ಲೆಕ್ಕ ನಮಗೆ ಹೊಂದುವುದಿಲ್ಲ. ಗಟ್ಟಿಯಾಗಿ ಓದಿ, ಗಡಿಯಾರ ಹಿಡಿದು ನೋಡುವುದೇ ದಾರಿ. ಅಂಕಿಗಳು ವಿಶೇಷವಾಗಿ ಮೋಸ ಮಾಡುತ್ತವೆ. ಹಾಳೆಯ ಮೇಲೆ 365.2422 ಒಂದೇ ಪದದಂತೆ ಕಾಣುತ್ತದೆ, ಬಾಯಲ್ಲಿ ಹೇಳಿದರೆ ‘ಮುನ್ನೂರ ಅರವತ್ತೈದು ಬಿಂದು ಎರಡು ನಾಲ್ಕು ಎರಡು ಎರಡು’. ಹಾಗಾಗಿ ಧ್ವನಿಯ ಭಾಗದಲ್ಲಿ ಅಂಕಿಗಳನ್ನು ಅಕ್ಷರದಲ್ಲೇ ಬರೆಯಿರಿ. ಕರಾರುವಾಕ್ಕಾದ ಅಂಕಿ ಪರದೆಯ ಮೇಲೆ ಬರಲಿ.

ದೃಶ್ಯ ವಿಭಜನೆಯಲ್ಲಿ ಪ್ಯಾರಾ ಬದಲಾದಾಗ ದೃಶ್ಯ ಬದಲಾಗುವುದಿಲ್ಲ, ಕಣ್ಣು ನೋಡುವ ವಸ್ತು ಬದಲಾದಾಗ ಬದಲಾಗುತ್ತದೆ. ನಮ್ಮ ಸ್ಕ್ರಿಪ್ಟ್ ಹೀಗೆ ಬರುತ್ತದೆ:

ದೃಶ್ಯ 1 (0–9 ಸೆಕೆಂಡು)
ಚಿತ್ರ: 1900ರ ಫೆಬ್ರವರಿ ಹಾಳೆ. 28ರ ಪಕ್ಕದ ಮನೆ ಖಾಲಿ.
ಧ್ವನಿ: ಸಾವಿರದ ಒಂಬೈನೂರು ನಾಲ್ಕರಿಂದ ಭಾಗವಾಗುತ್ತದೆ. ಆದರೂ ನಾವು ಬಳಸುವ ಕ್ಯಾಲೆಂಡರ್‌ನಲ್ಲಿ ಆ ವರ್ಷ ಇಪ್ಪತ್ತೊಂಬತ್ತನೇ ತಾರೀಕಿಲ್ಲ. ಏಕೆ?

ದೃಶ್ಯ 2 (9–24)
ಚಿತ್ರ: ಋತುಗಳ ಚಕ್ರ. 365 ದಿನ ಮುಗಿದಾಗ ಮುಳ್ಳು ಗುರುತು ಮುಟ್ಟದೆ ನಿಲ್ಲುತ್ತದೆ. ಪರದೆಯಲ್ಲಿ: ಮೊದಲು 365, ಆಮೇಲೆ 365.2422.
ಧ್ವನಿ: ಋತುಗಳು ಒಂದು ಸುತ್ತು ಮುಗಿಸಲು ಇಷ್ಟು ದಿನ ಸಾಲದು. ಇನ್ನೂ ಐದು ಗಂಟೆ, ಸುಮಾರು ನಲವತ್ತೊಂಬತ್ತು ನಿಮಿಷ ಬೇಕು.

ದೃಶ್ಯ 3 (24–46)
ಚಿತ್ರ: ಪಕ್ಕಪಕ್ಕ ಎರಡು ಪಟ್ಟಿಗಳು, ಒಂದು ತುಸು ಉದ್ದ. ಉದ್ದದ ತುಣುಕು ವರ್ಷವರ್ಷವೂ ಪೇರಿಸಿಕೊಳ್ಳುತ್ತದೆ.
ಧ್ವನಿ: ನಾಲ್ಕು ವರ್ಷಕ್ಕೊಂದು ದಿನ ಸೇರಿಸಿದರೆ ವರ್ಷಕ್ಕೆ ಆರು ಗಂಟೆ ಕೊಟ್ಟಂತೆ. ಬೇಕಾದದ್ದಕ್ಕಿಂತ ಸುಮಾರು ಹನ್ನೊಂದು ನಿಮಿಷ ಜಾಸ್ತಿ. ಸುಮಾರು ನೂರ ಇಪ್ಪತ್ತೆಂಟು ವರ್ಷಕ್ಕೆ ಅದೇ ಒಂದು ಇಡೀ ದಿನ.

ದೃಶ್ಯ 4 (46–60)
ಚಿತ್ರ: 1700, 1800, 1900 ಅಳಿಸಿಹೋಗಿ 2000 ಉಳಿಯುತ್ತದೆ.
ಧ್ವನಿ: ಅದಕ್ಕೇ ಶತಮಾನದ ವರ್ಷ ನಾನೂರರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. ಎರಡು ಸಾವಿರ ಪಾಸು, ಸಾವಿರದ ಒಂಬೈನೂರು ಫೇಲು.

ಎರಡನೇ ದೃಶ್ಯದ ಧ್ವನಿ ‘ಇಷ್ಟು ದಿನ’ ಎನ್ನುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಆ ಕೆಲಸ ಚಿತ್ರ ಮಾಡುತ್ತಿದೆ. ಲೇಖನದಲ್ಲಿ ವಾಕ್ಯ ಎಲ್ಲವನ್ನೂ ಹೊರಬೇಕು, ಇಲ್ಲಿ ಅರ್ಧ ಹೊತ್ತರೆ ಸಾಕು. ಪರೀಕ್ಷೆ ಸರಳ: ಒಮ್ಮೆ ಧ್ವನಿ ಮುಚ್ಚಿ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ. ಎರಡರಲ್ಲೂ ಅದೇ ಮಾಹಿತಿ ಪೂರ್ತಿಯಾಗಿ ಸಿಕ್ಕಿದರೆ ಧ್ವನಿಯಲ್ಲಿ ಮಾತು ಹೆಚ್ಚಾಗಿದೆ.

ಕತ್ತರಿಸುವಾಗ ಎಚ್ಚರ ಬೇಕಾದ ಜಾಗ ಇನ್ನೊಂದಿದೆ. ಮೊದಲ ದೃಶ್ಯದ ‘ನಾವು ಬಳಸುವ ಕ್ಯಾಲೆಂಡರ್‌ನಲ್ಲಿ’ ಎಂಬ ಮಾತು ಉದ್ದವೆನಿಸಿ ತೆಗೆದುಹಾಕಲು ಕೈ ತುರಿಸುತ್ತದೆ. ತೆಗೆದರೆ ವಾಕ್ಯ ಸುಳ್ಳಾಗುತ್ತದೆ. ರಷ್ಯಾ ಆಗ ಇನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಬಳಸುತ್ತಿತ್ತು, ಅಲ್ಲಿ 1900ರ ಫೆಬ್ರವರಿ 29 ಇತ್ತು. ‘ಸುಮಾರು’, ‘ಕೆಲವು’, ‘ಆಗ’ ಇಂಥ ಸಣ್ಣ ಪದಗಳೇ ಮೊದಲು ಕತ್ತರಿಗೆ ಸಿಗುವುದು. ಆದ್ದರಿಂದ ಕೊನೆಯ ಕರಡನ್ನು ಮೂಲ ಲೇಖನದ ಎದುರಿಟ್ಟು ವಾಕ್ಯವಾಕ್ಯವೂ ಹೋಲಿಸಿ ನೋಡಿ.

ಓದಿದಾಗ ಏಳೆಂಟು ಸೆಕೆಂಡು ಹೆಚ್ಚಾದರೆ ವೇಗವಾಗಿ ಓದಲು ಹೋಗಬೇಡಿ. ಮೂರನೇ ದೃಶ್ಯದಲ್ಲಿ ಪಟ್ಟಿ ಬೆಳೆಯುವಾಗ ಎರಡು ಸೆಕೆಂಡಿನ ಮೌನ ಇಟ್ಟಿದ್ದೇನೆ, ಅದನ್ನೂ ಮುಟ್ಟಬೇಡಿ, ಲೆಕ್ಕ ತಲೆಗೆ ಇಳಿಯುವುದು ಆಗಲೇ. ಬದಲಿಗೆ ಕೊನೆಯ ‘ಪಾಸು, ಫೇಲು’ ವಾಕ್ಯ ತೆಗೆಯಿರಿ. ಅದನ್ನು ಚಿತ್ರ ಆಗಲೇ ತೋರಿಸುತ್ತಿದೆ.