ಬೋರ್ಡ್ ಠರಾವೇ ಆಗಿಲ್ಲ ಎಂದು ಕಂಪನಿ ಕೈ ಎತ್ತಿದರೆ, ಕೊಟ್ಟ ಸಾಲ ಮುಳುಗಿದಂತೆಯೇ?

ಓದುಗರ ಪ್ರಶ್ನೆ: ನಮ್ಮದೊಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಷೇರುಪೇಟೆಯಲ್ಲಿ ಲಿಸ್ಟ್ ಆಗದ ಒಂದು ಪಬ್ಲಿಕ್ ಕಂಪನಿಗೆ ನಾವು 60 ಲಕ್ಷ ರೂಪಾಯಿ ಸಾಲ ಕೊಟ್ಟೆವು. ಒಪ್ಪಂದಕ್ಕೆ ಸಹಿ ಹಾಕಿದವರು ಅವರ ಮ್ಯಾನೇಜಿಂಗ್ ಡೈರೆಕ್ಟರ್. ಎರಡು ಕಂತು ಬಡ್ಡಿಯೂ ಬಂತು. ಆಮೇಲೆ ನಿರ್ದೇಶಕರ ನಡುವೆ ಜಗಳವಾಗಿ ಎಂ.ಡಿ. ಬದಲಾದರು. ಈಗ ಹೊಸಬರು ನೋಟಿಸ್‌ಗೆ ಉತ್ತರ ಕೊಟ್ಟಿದ್ದಾರೆ: "ನಮ್ಮ ಆರ್ಟಿಕಲ್ಸ್ ಪ್ರಕಾರ ಎಂ.ಡಿ. ಸಾಲ ತರಲು ಬೋರ್ಡಿನ ಒಪ್ಪಿಗೆ ಬೇಕು. ಮಿನಿಟ್ಸ್ ಪುಸ್ತಕದಲ್ಲಿ ಅಂಥ ಠರಾವೇ ಇಲ್ಲ. ಆದ್ದರಿಂದ ಕಂಪನಿ ಹೊಣೆಯಲ್ಲ." ನಮ್ಮ ಹಣದ ಗತಿಯೇನು?

ಉತ್ತರ: ನೀವು ಹೇಳಿದಷ್ಟೇ ಸಂಗತಿಯಾದರೆ, ಆ ಕಂಪನಿಯ ವಾದ ನಿಲ್ಲುವುದು ಕಷ್ಟ. ಠರಾವು ಆಗದೇ ಇದ್ದದ್ದು ಅವರ ಮನೆಯೊಳಗಿನ ಲೋಪ. ಅದರ ಹೊರೆಯನ್ನು ಬಾಗಿಲ ಹೊರಗೆ ನಿಂತಿದ್ದ ನಿಮ್ಮ ತಲೆಗೆ ಕಟ್ಟಲು ಕಾನೂನು ಸುಲಭವಾಗಿ ಬಿಡುವುದಿಲ್ಲ. ಇದನ್ನೇ ಇಂಡೋರ್ ಮ್ಯಾನೇಜ್‌ಮೆಂಟ್ ತತ್ವ, ಅಂದರೆ ಒಳಾಡಳಿತದ ನಿಯಮ ಎನ್ನುತ್ತಾರೆ. ಆದರೆ ಅದರ ಆಸರೆ ಎಲ್ಲಿಯವರೆಗೆ ಎಂಬುದನ್ನು ತಿಳಿಯದೆ ಅದನ್ನೇ ನಂಬಿ ಕೂತರೆ ಪೆಟ್ಟು ಬೀಳುತ್ತದೆ.

ಮೊದಲು ಒಂದು ಸಣ್ಣ ಸಂಗತಿ ಗಮನಿಸಿ. ಕಂಪನಿಯ ಮೆಮೊರಾಂಡಮ್, ಆರ್ಟಿಕಲ್ಸ್ ಎರಡೂ ರಿಜಿಸ್ಟ್ರಾರ್ ಬಳಿ ಇರುತ್ತವೆ. 2013ರ ಕಂಪನಿ ಕಾಯ್ದೆಯ 399ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ಅವನ್ನು ನೋಡಬಹುದು. ಬೋರ್ಡ್ ಸಭೆಯ ಮಿನಿಟ್ಸ್ ಪುಸ್ತಕ ಹಾಗಲ್ಲ. ಸರ್ವಸದಸ್ಯರ ಸಭೆಯ ಮಿನಿಟ್ಸ್ ನೋಡುವ ಹಕ್ಕು ಷೇರುದಾರರಿಗೆ ಇದೆ, ಬೋರ್ಡ್ ಮಿನಿಟ್ಸ್ ನೋಡುವ ಹಕ್ಕನ್ನು ಕಾಯ್ದೆ ಅವರಿಗೂ ಕೊಟ್ಟಿಲ್ಲ. ಸ್ವಂತ ಷೇರುದಾರನೇ ಕೇಳಿ ಪಡೆಯಲಾಗದ ಪುಸ್ತಕವನ್ನು ಹೊರಗಿನವನು ಓದಿ ನೋಡಬೇಕಿತ್ತು ಎನ್ನುವುದು ಯಾವ ನ್ಯಾಯ? ಈ ನಿಯಮ ಹುಟ್ಟಿದ್ದೇ ಆ ಪ್ರಶ್ನೆಯಿಂದ.

1856ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ರಾಯಲ್ ಬ್ರಿಟಿಷ್ ಬ್ಯಾಂಕ್ ವಿರುದ್ಧ ಟರ್ಕ್ವಾಂಡ್ ಪ್ರಕರಣದ ಕತೆ ನಿಮ್ಮದರ ಹಾಗೆಯೇ ಇದೆ. ಕಲ್ಲಿದ್ದಲು ಮತ್ತು ರೈಲ್ವೆಯ ಒಂದು ಕಂಪನಿ 2,000 ಪೌಂಡಿನ ಬಾಂಡ್ ಬರೆದುಕೊಟ್ಟು ಬ್ಯಾಂಕಿನಿಂದ ಹಣ ತೆಗೆದುಕೊಂಡಿತ್ತು. ಬಾಂಡಿಗೆ ಇಬ್ಬರು ನಿರ್ದೇಶಕರ ಸಹಿ, ಕಂಪನಿಯ ಮೊಹರು ಎರಡೂ ಇದ್ದವು. ಸರ್ವಸದಸ್ಯರ ಸಭೆ ಠರಾವು ಮಾಡಿ ಒಪ್ಪಿದಷ್ಟು ಹಣವನ್ನು ನಿರ್ದೇಶಕರು ಸಾಲ ತರಬಹುದು ಎಂದು ಕಂಪನಿಯ ಸ್ಥಾಪನಾ ಪತ್ರ ಹೇಳುತ್ತಿತ್ತು. ಅಂಥ ಸರಿಯಾದ ಠರಾವು ಆಗಿರಲಿಲ್ಲ. ಕಂಪನಿ ಮುಳುಗಿದ ಮೇಲೆ ಅದರ ಉಸ್ತುವಾರಿಗೆ ಬಂದ ಟರ್ಕ್ವಾಂಡ್ ಈ ಲೋಪವನ್ನೇ ಹಿಡಿದುಕೊಂಡರು. ನ್ಯಾಯಾಲಯ ಒಪ್ಪಲಿಲ್ಲ. ಆ ಪತ್ರವನ್ನು ಓದಿದವನಿಗೆ ಕಾಣುವುದು ಸಾಲ ತರಬಾರದೆಂಬ ನಿಷೇಧವಲ್ಲ, ಒಂದು ಷರತ್ತು ಪೂರೈಸಿ ತರಬಹುದೆಂಬ ಅನುಮತಿ. ಷರತ್ತು ಪೂರೈಸಿದಂತೆ ತೋರುವ ಕಾಗದ ಕೈಗೆ ಬಂದಾಗ, ಒಳಗೆ ಆಗಬೇಕಾದ್ದು ಆಗಿದೆ ಎಂದು ಬ್ಯಾಂಕು ನಂಬಬಹುದು ಎಂದಿತು.

ಈ ತೀರ್ಪಿನಲ್ಲಿ ನೀವು ಹಿಡಿದುಕೊಳ್ಳಬೇಕಾದ್ದು ನಿಷೇಧಕ್ಕೂ ಷರತ್ತಿನ ಅನುಮತಿಗೂ ಇರುವ ಈ ವ್ಯತ್ಯಾಸ. ನಮ್ಮ ದೇಶದ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟರೆ ಅದು ಇನ್ನೂ ತಿಳಿಯಾಗುತ್ತದೆ.

ಮದರಾಸು ಹೈಕೋರ್ಟ್ 1934ರಲ್ಲಿ ಕೋಟ್ಲ ವೆಂಕಟಸ್ವಾಮಿ ಪ್ರಕರಣ ತೀರ್ಮಾನಿಸಿತು. ಕಂಪನಿಯ ದಸ್ತಾವೇಜುಗಳಿಗೆ ಮ್ಯಾನೇಜಿಂಗ್ ಡೈರೆಕ್ಟರ್, ಕಾರ್ಯದರ್ಶಿ, ವರ್ಕಿಂಗ್ ಡೈರೆಕ್ಟರ್ ಮೂವರೂ ಸಹಿ ಹಾಕಬೇಕು ಎಂದು ಆರ್ಟಿಕಲ್ಸ್ ಹೇಳಿತ್ತು. ಸಾಲ ಕೊಟ್ಟವರು ಪಡೆದ ಅಡಮಾನ ಪತ್ರದಲ್ಲಿ ಕಾರ್ಯದರ್ಶಿ ಮತ್ತು ವರ್ಕಿಂಗ್ ಡೈರೆಕ್ಟರ್ ಸಹಿ ಮಾತ್ರ ಇತ್ತು. ಕೊಟ್ಟವರ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ, ಆದರೂ ಪತ್ರ ಊರ್ಜಿತವಾಗಲಿಲ್ಲ. ಆರ್ಟಿಕಲ್ಸ್ ತೆರೆದಿಟ್ಟ ದಾಖಲೆ, ಓದಿದ್ದರೆ ಮೂರನೆಯ ಸಹಿ ಇಲ್ಲದ್ದು ಪತ್ರದ ಮೇಲೆಯೇ ಕಣ್ಣಿಗೆ ಬೀಳುತ್ತಿತ್ತು. ಓದಲಿ ಬಿಡಲಿ, ಓದಿದ್ದಾರೆ ಎಂದೇ ಕಾನೂನು ಲೆಕ್ಕ ಹಿಡಿಯುತ್ತದೆ.

ಇನ್ನೊಂದು, ಅಲಹಾಬಾದ್ ಹೈಕೋರ್ಟ್ 1957ರಲ್ಲಿ ಕೊಟ್ಟ ಲಕ್ಷ್ಮೀ ರತನ್ ಕಾಟನ್ ಮಿಲ್ಸ್ ತೀರ್ಪು. ಒಂದೂವರೆ ಲಕ್ಷ ರೂಪಾಯಿ ಸಾಲದ ವಿಷಯ. ಬೋರ್ಡ್ ಠರಾವಿನ ಬಲವಿಲ್ಲದ ಸಾಲ ನಮ್ಮನ್ನು ಕಟ್ಟಿಹಾಕದು ಎಂದು ಸಾಲ ಪಡೆದ ಕಂಪನಿ ವಾದಿಸಿತು. ಬೋರ್ಡ್ ಠರಾವು ಮಾಡಿ ತರಬಹುದಾಗಿದ್ದ ಸಾಲ ಇದು, ಠರಾವು ನಿಜಕ್ಕೂ ಆಯಿತೇ ಎಂದು ಒಳಹೊಕ್ಕು ನೋಡುವುದು ಸಾಲ ಕೊಟ್ಟವರ ಕೆಲಸವಲ್ಲ ಎಂದು ನ್ಯಾಯಾಲಯ ಕಂಪನಿಯನ್ನೇ ಹೊಣೆ ಮಾಡಿತು.

ಎರಡರ ನಡುವಿನ ಗೆರೆ ಇಷ್ಟೇ: ಆ ಲೋಪ ಹೊರಗಿನಿಂದ ಕಾಣುವಂಥದ್ದಾಗಿತ್ತೇ? ನಿಮ್ಮ ವಿಷಯದಲ್ಲಿ ಆರ್ಟಿಕಲ್ಸ್ ಓದಿದ್ದರೂ "ಬೋರ್ಡಿನ ಒಪ್ಪಿಗೆಯೊಂದಿಗೆ ತರಬಹುದು" ಎಂಬ ಸಾಲು ಕಾಣುತ್ತಿತ್ತೇ ಹೊರತು ಒಪ್ಪಿಗೆ ಸಿಕ್ಕಿಲ್ಲ ಎಂಬುದು ಕಾಣುತ್ತಿರಲಿಲ್ಲ. ಕಾಯ್ದೆಯ 179ನೇ ಸೆಕ್ಷನ್ ಸಾಲ ತರುವ ಅಧಿಕಾರವನ್ನು ಬೋರ್ಡ್ ಸಭೆಗೆ ಕೊಟ್ಟು, ಅದನ್ನು ಎಂ.ಡಿ.ಗೆ ವಹಿಸಿಕೊಡಲೂ ಅವಕಾಶ ಮಾಡಿದೆ. ಪಬ್ಲಿಕ್ ಕಂಪನಿಗಳು ಇಂಥ ಬೋರ್ಡ್ ಠರಾವನ್ನು MGT-14 ಫಾರಂನಲ್ಲಿ ರಿಜಿಸ್ಟ್ರಾರ್‌ಗೆ ಸಲ್ಲಿಸುತ್ತವಲ್ಲ, ನೀವು ಅಲ್ಲಿ ನೋಡಬಹುದಿತ್ತಲ್ಲ ಎಂದು ಎದುರು ವಕೀಲರು ಕೇಳಬಹುದು. ಉತ್ತರ 117ನೇ ಸೆಕ್ಷನ್ನಿನಲ್ಲೇ ಇದೆ: 179ರ ಅಡಿಯ ಬೋರ್ಡ್ ಠರಾವುಗಳನ್ನು ಸಲ್ಲಿಸಿದರೂ ಸಾರ್ವಜನಿಕರು ಅವನ್ನು ನೋಡುವಂತಿಲ್ಲ, ಪ್ರತಿ ಪಡೆಯುವಂತಿಲ್ಲ. ಈ ಅಂಶವನ್ನು ನಿಮ್ಮ ವಕೀಲರಿಗೆ ತಪ್ಪದೆ ನೆನಪಿಸಿ.

ಷೇರುದಾರರ ವಿಶೇಷ ನಿರ್ಣಯದ ಮಾತು ಬಂದರೆ ಲೆಕ್ಕ ಬೇರೆ. ಅದೂ ರಿಜಿಸ್ಟ್ರಾರ್ ಬಳಿ ಸಲ್ಲಿಕೆಯಾಗುತ್ತದೆ, ಅದನ್ನು ಎಲ್ಲರೂ ನೋಡಬಹುದು. 180ನೇ ಸೆಕ್ಷನ್ ಪ್ರಕಾರ ಪಬ್ಲಿಕ್ ಕಂಪನಿಯ ಒಟ್ಟು ಸಾಲ ಅದರ ಪಾವತಿಯಾದ ಬಂಡವಾಳ, ಮುಕ್ತ ಮೀಸಲು ನಿಧಿ, ಸೆಕ್ಯುರಿಟೀಸ್ ಪ್ರೀಮಿಯಂ ಇವುಗಳ ಮೊತ್ತವನ್ನು ದಾಟುವುದಾದರೆ ವಿಶೇಷ ನಿರ್ಣಯ ಬೇಕೇ ಬೇಕು. ಮಿತಿ ದಾಟಿದ ಸಾಲ ಊರ್ಜಿತವಲ್ಲ, ಆದರೆ ಮಿತಿ ದಾಟಿದ್ದು ಗೊತ್ತಿಲ್ಲದೆ ಸದ್ಭಾವನೆಯಿಂದ ಕೊಟ್ಟೆ ಎಂದು ಸಾಲ ಕೊಟ್ಟವನು ರುಜುವಾತು ಮಾಡಿದರೆ ಊರ್ಜಿತವಾಗುತ್ತದೆ. ರುಜುವಾತಿನ ಹೊರೆ ನಿಮ್ಮ ಮೇಲೆ ಎಂಬುದನ್ನು ಗಮನಿಸಿ. ಆ ಕಂಪನಿಯವರು ಇನ್ನೂ ಈ ಮಾತು ಎತ್ತಿಲ್ಲ, ಎತ್ತುವ ಸಾಧ್ಯತೆ ಇದೆ. ಸಾಲ ಕೊಡುವ ಮುನ್ನ ಅವರ ಇತ್ತೀಚಿನ ಬ್ಯಾಲೆನ್ಸ್ ಶೀಟ್ ನೋಡಿದ್ದರೆ, ಆ ಪ್ರತಿಯನ್ನು ಈಗಲೇ ಹುಡುಕಿ ತೆಗೆದಿಡಿ.

ಇನ್ನು ಈ ನಿಯಮ ಕೈಕೊಡುವ ಸಂದರ್ಭಗಳು. ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಅನುಮಾನದ್ದು. ಸದ್ಭಾವನೆ ಎಂದರೆ ಕಣ್ಣು ಮುಚ್ಚಿಕೊಂಡಿರುವುದಲ್ಲ. ವ್ಯವಹಾರದ ರೂಪವೇ "ಇಲ್ಲೇನೋ ಸರಿಯಿಲ್ಲ" ಎನ್ನುವಂತಿದ್ದರೆ ನಿಂತು ಕೇಳಬೇಕು, ಕೇಳದೆ ಮುಂದುವರಿದವನಿಗೆ ರಕ್ಷಣೆ ಇಲ್ಲ. 1924ರ ಅಂಡರ್‌ವುಡ್ ಪ್ರಕರಣದಲ್ಲಿ ಕಂಪನಿಯ ಏಕೈಕ ನಿರ್ದೇಶಕ ಕಂಪನಿಯ ಹೆಸರಿಗೆ ಬಂದ ಚೆಕ್‌ಗಳನ್ನು ತನ್ನ ಸ್ವಂತ ಖಾತೆಗೆ ಹಾಕಿಕೊಳ್ಳುತ್ತಿದ್ದ. ಇದು ಮಾಮೂಲಿ ರೀತಿಯಲ್ಲ ಎಂದು ಬ್ಯಾಂಕಿಗೆ ಹೊಳೆಯಬೇಕಿತ್ತು ಎಂದು ನ್ಯಾಯಾಲಯ ಬ್ಯಾಂಕನ್ನೇ ಹೊಣೆ ಮಾಡಿತು. 1942ರಲ್ಲಿ ಅವಧ್ ನ್ಯಾಯಾಲಯದ ಮುಂದೆ ಬಂದ ಆನಂದ್ ಬಿಹಾರಿ ಲಾಲ್ ಪ್ರಕರಣದಲ್ಲಿ ಕಂಪನಿಯ ಆಸ್ತಿಯನ್ನು ಬರೆದುಕೊಟ್ಟವನು ಅದರ ಅಕೌಂಟೆಂಟ್. ಆಸ್ತಿ ಪರಭಾರೆ ಮಾಡುವುದು ಅಕೌಂಟೆಂಟ್ ಕೆಲಸವಲ್ಲ. ಅವನಿಗೆ ಅಧಿಕಾರ ಕೊಟ್ಟ ಪತ್ರ ಎಲ್ಲಿ ಎಂದು ಕೇಳಿ ನೋಡದೆ ಪಡೆದವರಿಗೆ ಅದು ದಕ್ಕಲಿಲ್ಲ.

ಹಾಗಾಗಿ ನಿಮ್ಮ ಪ್ರಕರಣ ಗಟ್ಟಿಯೋ ಟೊಳ್ಳೋ ಎಂಬುದು ನೀವು ಪತ್ರದಲ್ಲಿ ಬರೆಯದ ಒಂದು ವಿವರದ ಮೇಲೆ ನಿಂತಿದೆ: ಆ 60 ಲಕ್ಷ ಹೋದದ್ದು ಯಾರ ಖಾತೆಗೆ? ಕಂಪನಿಯ ಕರೆಂಟ್ ಅಕೌಂಟಿಗೆ ಹೋಗಿ, ಬಡ್ಡಿ ಅದೇ ಕಂಪನಿಯ ಖಾತೆಯಿಂದ ಟಿಡಿಎಸ್ ಕಡಿತವಾಗಿ ಬಂದಿದ್ದರೆ ನಿಮ್ಮ ಕಾಲಡಿಯ ನೆಲ ಭದ್ರ. ಎಂ.ಡಿ. "ಸದ್ಯಕ್ಕೆ ನನ್ನ ಖಾತೆಗೇ ಹಾಕಿ" ಎಂದು ಹೇಳಿ ನೀವು ಹಾಗೆ ಮಾಡಿದ್ದರೆ, ಒಳಾಡಳಿತದ ನಿಯಮ ನಿಮ್ಮ ಕೈ ಹಿಡಿಯುವ ಭರವಸೆ ನಾನು ಕೊಡಲಾರೆ.

ಒಳಗಿನವರಿಗೆ ಈ ರಕ್ಷಣೆ ಇಲ್ಲ. 1888ರ ಪೇಟೆಂಟ್ ಐವರಿ ಕಂಪನಿ ಪ್ರಕರಣದಲ್ಲಿ ನಿರ್ದೇಶಕರು 1,000 ಪೌಂಡಿಗಿಂತ ಹೆಚ್ಚು ಸಾಲ ತರಲು ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಇಲ್ಲದೆ ತಾವೇ 3,500 ಪೌಂಡ್ ಸಾಲ ಕೊಟ್ಟರು. ದಕ್ಕಿದ್ದು 1,000 ಪೌಂಡಿನಷ್ಟು ಮಾತ್ರ, ಏಕೆಂದರೆ ಒಪ್ಪಿಗೆ ಆಗಿಲ್ಲವೆಂದು ಅವರಿಗೇ ಗೊತ್ತಿತ್ತು. ನಿಮ್ಮ ಕಂಪನಿಯ ನಿರ್ದೇಶಕರಲ್ಲಿ ಯಾರಾದರೂ ಆ ಕಂಪನಿಯ ಬೋರ್ಡಿನಲ್ಲೂ ಇದ್ದರೆ, ಎದುರಿನವರು ಇದೇ ಜಾಡು ಹಿಡಿಯುತ್ತಾರೆ. ಅದನ್ನು ನಿಮ್ಮ ವಕೀಲರಿಂದ ಮುಚ್ಚಿಡಬೇಡಿ.

ಫೋರ್ಜರಿಯ ಮಾತೂ ಬೇರೆಯೇ. 1906ರ ಗ್ರೇಟ್ ಫಿಂಗಾಲ್ ಪ್ರಕರಣದಲ್ಲಿ ಕಂಪನಿಯ ಕಾರ್ಯದರ್ಶಿ ಇಬ್ಬರು ನಿರ್ದೇಶಕರ ಸಹಿ ತಾನೇ ಗೀಚಿ ಷೇರು ಪ್ರಮಾಣಪತ್ರ ಸೃಷ್ಟಿಸಿದ್ದ. ಅಂಥ ಕಾಗದ ಕಂಪನಿಯದ್ದೇ ಅಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ ಹೇಳಿತು. ನಿಮ್ಮ ಒಪ್ಪಂದಕ್ಕೆ ಎಂ.ಡಿ. ತಾವೇ ಸಹಿ ಹಾಕಿದ್ದಾರೆ, ಆದ್ದರಿಂದ ಇದು ನಿಮಗೆ ತಟ್ಟುವುದಿಲ್ಲ.

ಈಗ ನೋಟಿಸ್‌ಗೆ ಮರುತ್ತರ ಬರೆಯುವಾಗ ಒಳಾಡಳಿತದ ನಿಯಮವೊಂದನ್ನೇ ನೆಚ್ಚಬೇಡಿ. ಹಣವನ್ನು ಇಟ್ಟುಕೊಂಡು ಎರಡು ಕಂತು ಬಡ್ಡಿ ಕಟ್ಟಿದ ಕಂಪನಿ ತನ್ನ ನಡತೆಯಿಂದಲೇ ಸಾಲವನ್ನು ಒಪ್ಪಿಕೊಂಡಿದೆ ಎಂಬ ವಾದವನ್ನೂ ಜೊತೆಗೆ ಇಡಿ. ಹೀಗೆ ನಡತೆಯಿಂದ ಸ್ಥಿರೀಕರಿಸುವುದನ್ನು 1872ರ ಕರಾರು ಕಾಯ್ದೆಯ 196 ಮತ್ತು 197ನೇ ಸೆಕ್ಷನ್‌ಗಳು ಒಪ್ಪುತ್ತವೆ. ಅವರ ಬ್ಯಾಲೆನ್ಸ್ ಶೀಟಿನಲ್ಲಿ ನಿಮ್ಮ ಸಾಲ ಬಾಕಿ ಎಂದು ಸೇರಿದೆಯೇ ನೋಡಿ. ಅದು ರಿಜಿಸ್ಟ್ರಾರ್ ಬಳಿ ಸಿಗುವ ದಾಖಲೆ. ಬೋರ್ಡೇ ಒಪ್ಪಿ ಸಹಿ ಮಾಡಿದ ಲೆಕ್ಕದಲ್ಲಿ ಆ 60 ಲಕ್ಷ ಕಂಡರೆ, ಬೋರ್ಡಿಗೆ ಈ ಸಾಲವೇ ಗೊತ್ತಿಲ್ಲ ಎನ್ನಲು ಹೊಸ ಎಂ.ಡಿ.ಗೆ ಬಾಯಿ ಇರುವುದಿಲ್ಲ.