ಗೆರೆ ಮೇಲೆ ನಿಂತ ಗುರುತು

ಎಲ್ಲ ಹಾವುಗಳೂ ಸರೀಸೃಪಗಳು. ಕೆಲವು ಸರೀಸೃಪಗಳು ನೀರಿನಲ್ಲಿ ಬದುಕುತ್ತವೆ. ಹಾಗಾದರೆ ಕೆಲವು ಹಾವುಗಳು ನೀರಿನಲ್ಲಿ ಬದುಕುತ್ತವೆ ಎಂದು ತೀರ್ಮಾನಿಸಬಹುದೇ?

ಬಹಳ ಜನ ಹೌದು ಎನ್ನುತ್ತಾರೆ. ನೀರುಹಾವು ಇರುವುದು ನಿಜ ತಾನೇ? ಆದರೆ ಉತ್ತರ ತಪ್ಪು. ಮಾತು ನಿಜವಾದರೂ ಅದು ಆ ಎರಡು ಹೇಳಿಕೆಗಳಿಂದ ಹುಟ್ಟಿಲ್ಲ. ‘ನೀರಿನಲ್ಲಿ ಬದುಕುತ್ತವೆ’ ಎಂಬ ಕಡೆ ‘ನಾಲ್ಕು ಕಾಲುಗಳಿವೆ’ ಎಂದು ಹಾಕಿ ನೋಡಿ. ಎರಡೂ ಹೇಳಿಕೆಗಳು ಈಗಲೂ ನಿಜ, ತೀರ್ಮಾನ ಮಾತ್ರ ನಾಲ್ಕು ಕಾಲಿನ ಹಾವು!

ಹೀಗೆ ಎರಡು ಹೇಳಿಕೆಗಳಿಂದ ಮೂರನೆಯದನ್ನು ತೀರ್ಮಾನಿಸುವ ಸಿಲಾಜಿಸಂ ಲೆಕ್ಕಗಳಲ್ಲಿ ಜಾಸ್ತಿ ಜನ ಎಡವುವುದು ಈ ‘ಕೆಲವು’ ಎಂಬಲ್ಲೇ. ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ತರ್ಕಕ್ಕೆ ವೃತ್ತಗಳನ್ನು ಬಳಸಿದ್ದ. ಹೇಳಿಕೆ ಹೇಗಿದೆಯೋ ಹಾಗೆ ವೃತ್ತವನ್ನು ಒಳಗೋ ಹೊರಗೋ ಇಡುವ ರೀತಿ ಅದು. ಅದರಲ್ಲಿ ಒಂದು ತೊಡಕಿದೆ. ಗೊತ್ತಿಲ್ಲದ ಸಂಬಂಧಕ್ಕೂ ಏನೋ ಒಂದು ಚಿತ್ರ ಬರೆಯಲೇಬೇಕು, ಬರೆದ ಮೇಲೆ ಅದನ್ನೇ ನಂಬಿಬಿಡುತ್ತೇವೆ. 1880ರಲ್ಲಿ ತರ್ಕಶಾಸ್ತ್ರಜ್ಞ ಜಾನ್ ವೆನ್ ಇದನ್ನು ತಿರುಗಿಸಿದ. ಮೂರು ವೃತ್ತಗಳು ಯಾವಾಗಲೂ ಒಂದರ ಮೇಲೊಂದು ಹಾದಿರಲಿ. ಖಾಲಿ ಎಂದು ಗೊತ್ತಾದ ಭಾಗಕ್ಕೆ ಮಸಿ ಬಳಿಯೋಣ ಎಂದ. ‘ಇಲ್ಲಿ ಏನೋ ಇದೆ’ ಎನ್ನಲು ಕತ್ತರಿ ಗುರುತು ಹಾಕುವ ಪದ್ಧತಿ ಆಮೇಲೆ ಸೇರಿಕೊಂಡಿತು.

ನಮ್ಮ ಹಾವುಗಳನ್ನೇ ಬರೆಯೋಣ. ಹಾವು, ಸರೀಸೃಪ, ನೀರು ಎಂದು ಮೂರು ವೃತ್ತ. ‘ಎಲ್ಲ ಹಾವುಗಳೂ ಸರೀಸೃಪಗಳು’ ಅಂದರೆ ಸರೀಸೃಪದ ಹೊರಗೆ ಉಳಿದ ಹಾವಿನ ಭಾಗ ಖಾಲಿ. ಅದಕ್ಕೆ ಮಸಿ. ಇನ್ನು ‘ಕೆಲವು’. ಗುರುತು ಬೀಳಬೇಕಾದ್ದು ಸರೀಸೃಪ ಮತ್ತು ನೀರು ಕೂಡುವ ಜಾಗದಲ್ಲಿ. ಆದರೆ ಹಾವಿನ ಗೆರೆ ಆ ಜಾಗವನ್ನು ಎರಡಾಗಿ ಸೀಳಿದೆ. ಎರಡೂ ಕಡೆ ಮಸಿಯಿಲ್ಲ. ಯಾವ ಕಡೆ ಎಂದು ಯಾರೂ ಹೇಳಿಲ್ಲ. ಆದ್ದರಿಂದ ಗುರುತು ಗೆರೆಯ ಮೇಲೇ ನಿಲ್ಲಬೇಕು. ಗೆರೆ ಮೇಲೆ ನಿಂತ ಗುರುತು ಹಾವಿನ ಬಗ್ಗೆ ಏನನ್ನೂ ಸಾಧಿಸುವುದಿಲ್ಲ.

ಈಗ ಇದನ್ನು ನೋಡಿ: ಕೆಲವು ವಿಷಪ್ರಾಣಿಗಳು ಹಾವುಗಳು. ಯಾವ ಹಾವಿಗೂ ಮುಚ್ಚಿ ತೆರೆಯುವ ರೆಪ್ಪೆ ಇಲ್ಲ. ‘ಕೆಲವು’ ಮೊದಲು ಬಂದಿದೆ ಎಂದು ಅದನ್ನೇ ಮೊದಲು ಬರೆಯಬೇಡಿ. ‘ಎಲ್ಲ’ ಮತ್ತು ‘ಯಾವುದೂ ಇಲ್ಲ’ ಎಂಬವನ್ನು ಮುಗಿಸಿಯೇ ‘ಕೆಲವು’ ಮುಟ್ಟಬೇಕು. ಹಾವು ಮತ್ತು ರೆಪ್ಪೆ ಕೂಡುವ ಜಾಗಕ್ಕೆಲ್ಲ ಮಸಿ ಬಳಿಯಿರಿ. ವಿಷಪ್ರಾಣಿ ಮತ್ತು ಹಾವು ಕೂಡುವ ಜಾಗದಲ್ಲಿ ಈಗ ಅರ್ಧ ಕಪ್ಪು. ಗುರುತಿಗೆ ಉಳಿದದ್ದು ಇನ್ನರ್ಧ ಮಾತ್ರ. ಅದು ರೆಪ್ಪೆಯ ಹೊರಗಿದೆ. ಕೆಲವು ವಿಷಪ್ರಾಣಿಗಳಿಗೆ ಅಂಥ ರೆಪ್ಪೆ ಇಲ್ಲ ಎಂಬ ತೀರ್ಮಾನ ಸರಿ.

ಇನ್ನೊಂದು ಎಚ್ಚರ. ಮಸಿಯಿಲ್ಲದ ಭಾಗದಲ್ಲಿ ಏನೋ ಇದೆ ಎಂದುಕೊಳ್ಳಬಾರದು. ಅಲ್ಲಿ ‘ಗೊತ್ತಿಲ್ಲ’ ಅಷ್ಟೇ. ಹಾಗಾಗಿ ‘ಎಲ್ಲ ಕ ಗಳೂ ಖ’ ಎಂಬುದರಿಂದ ‘ಕೆಲವು ಕ ಗಳು ಖ’ ಎಂಬುದು ವೆನ್ ಚಿತ್ರದಲ್ಲಿ ಸುಮ್ನೆ ಬರುವುದಿಲ್ಲ, ಕ ಒಂದಾದರೂ ಇರಬೇಕು. ಆದರೆ ‘ಎಲ್ಲ’ ಎಂದರೆ ‘ಕೆಲವು’ ಕೂಡ ಬರುತ್ತದೆ ಎಂಬುದನ್ನು ಅರಿಸ್ಟಾಟಲ್‌ನ ತರ್ಕ ಒಪ್ಪುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲೂ ಸಾಮಾನ್ಯವಾಗಿ ಒಪ್ಪುತ್ತಾರೆ. ಅಲ್ಲಿ ‘ಎಲ್ಲ’ ಬಂದರೆ ಮಸಿ ಬಳಿದ ಮೇಲೆ ಉಳಿದ ಭಾಗದಲ್ಲಿ ಒಂದು ಗುರುತನ್ನೂ ಹಾಕಿಕೊಳ್ಳಿ. ಆ ಭಾಗವನ್ನು ಮೂರನೇ ವೃತ್ತದ ಗೆರೆ ಸೀಳಿದ್ದರೆ, ಆ ಗುರುತೂ ಗೆರೆಯ ಮೇಲೇ.