ಒಂದು ಎಕರೆ ಡ್ರಿಪ್: ಹಾಕಿದ ದುಡ್ಡು ಎಷ್ಟು ಬೆಳೆಗೆ ವಾಪಸ್?

ಕೋಲಾರದ ಕಡೆ 5 ಅಡಿ ಸಾಲಿನಲ್ಲಿ ಟೊಮೆಟೊ ಹಾಕುವ ಒಂದು ಎಕರೆ ಜಮೀನು ಇಟ್ಟುಕೊಳ್ಳೋಣ. ಎಕರೆ ಎಂದರೆ 43,560 ಚದರ ಅಡಿ. ಅದನ್ನು 5ರಿಂದ ಭಾಗಿಸಿದರೆ 8,712 ಅಡಿ ಸಾಲು, ಅಂದರೆ ಸಾಲಿನುದ್ದಕ್ಕೂ ಎಳೆಯುವ ಲ್ಯಾಟರಲ್ ಪೈಪು ಸುಮಾರು 2,650 ಮೀಟರ್. ತುಂಡು, ವೇಸ್ಟು ಸೇರಿಸಿ 2,700 ಮೀಟರ್ ಬರೆದುಕೊಳ್ಳಿ.

ಮೀಟರಿಗೆ 10 ರೂಪಾಯಿ ಹಿಡಿದರೆ ಲ್ಯಾಟರಲ್‌ಗೇ 27,000. ಪಿವಿಸಿ ಮೇನ್, ಸಬ್‌ಮೇನ್, ವಾಲ್ವುಗಳಿಗೆ 13,000. ಫಿಲ್ಟರ್, ವೆಂಚುರಿ, ಪ್ರೆಶರ್ ಗೇಜ್‌ಗೆ 7,000. ಫಿಟ್ಟಿಂಗ್, ಕಾಲುವೆ ತೋಡುವ ಕೂಲಿ 5,000. ಒಟ್ಟು 52,000. ಇವು ಲೆಕ್ಕ ತೋರಿಸಲು ಹಿಡಿದ ದರಗಳು. ನಿಮ್ಮ ಕೈಲಿರುವ ಕೊಟೇಶನ್ನಿನ ದರ ಹಾಕಿಕೊಳ್ಳಿ.

ವಾಲ್ವಿನ ಸಂಖ್ಯೆ ನಿಮ್ಮ ಬೋರಿನ ನೀರಿನ ಮೇಲೆ ನಿಂತಿದೆ. 40 ಸೆಂಟಿಮೀಟರಿಗೊಂದು, ಗಂಟೆಗೆ 2 ಲೀಟರಿನ ಡ್ರಿಪ್ಪರ್ ಇದ್ದರೆ ಇಡೀ ಎಕರೆ ಗಂಟೆಗೆ ಸುಮಾರು 13,000 ಲೀಟರ್ ಕೇಳುತ್ತದೆ. ಬೋರು ಕೊಡುವುದು 5,000 ಲೀಟರ್ ಮಾತ್ರ ಆದರೆ ಹೊಲವನ್ನು ಮೂರು ಭಾಗ ಮಾಡಲೇಬೇಕು. ಒಂದೇ ವಾಲ್ವಿನಲ್ಲಿ ಬಿಟ್ಟರೆ ಕೊನೆಯ ಸಾಲಿನ ಗಿಡ ಬಾಡುತ್ತದೆ.

ಇನ್ನು ಉಳಿತಾಯ. ಹೆಚ್ಚಿನವರು ಮೊದಲು ಬರೆಯುವುದೇ ಕರೆಂಟು. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಆದ್ದರಿಂದ ಆ ಸಾಲಿಗೆ ಸೊನ್ನೆ ಹಾಕಿ. ಉಳಿದ ನೀರಿನಲ್ಲಿ ಇನ್ನೊಂದು ತುಂಡು ಜಮೀನು ಬೆಳೆದರೆ ಮಾತ್ರ ಆ ನೀರೂ ದುಡ್ಡಾಗುತ್ತದೆ. ಕೈಗೆ ಸಿಗುವುದು ಕೂಲಿ: ಕಾಲುವೆಯಲ್ಲಿ ನೀರು ಕಟ್ಟಲು ಒಂದು ಬೆಳೆಗೆ 30 ಸಲ, ಪ್ರತಿ ಸಲ ಅರ್ಧ ದಿನ ಎಂದರೆ 15 ಆಳು, 500ರಂತೆ 7,500. ಒಂದು ಸಲದ ಕಳೆ ತಪ್ಪಿದರೆ 2,400. ವೆಂಚುರಿಯಲ್ಲಿ ಯೂರಿಯಾ, ಬಿಳಿ ಪೊಟ್ಯಾಷ್ ಕೊಟ್ಟರೆ ಗೊಬ್ಬರದಲ್ಲಿ 2,000 ಉಳಿಯಬಹುದು. ಪೂರ್ತಿ ದುಬಾರಿ ಕರಗುವ ಗೊಬ್ಬರಕ್ಕೇ ಹೋದರೆ ಅದೂ ಇಲ್ಲ. ಇಲಿ ಕಡಿತದ ರಿಪೇರಿ, ಆಸಿಡ್, ಪೈಪು ಸುತ್ತುವ ಕೂಲಿಗೆ 2,500 ಕಳೆದರೆ ಬೆಳೆಗೆ 9,400.

ಸಹಾಯಧನವಿಲ್ಲದೆ 52,000 ತೀರಲು ಆರು ಬೆಳೆ ಬೇಕು. ವರ್ಷಕ್ಕೆ ಎರಡು ಬೆಳೆಯಾದರೆ ಮೂರು ವರ್ಷ. ಶೇ. 55 ಸಹಾಯಧನ ಸಿಕ್ಕರೆ ನಿಮ್ಮ ಪಾಲು 23,400, ಮೂರನೇ ಬೆಳೆಯಲ್ಲಿ ತೀರುತ್ತದೆ. ಸಹಾಯಧನದ ಲೆಕ್ಕ ಇಲಾಖೆಯ ಘಟಕ ವೆಚ್ಚದ ಮೇಲೆ, ನಿಮ್ಮ ಬಿಲ್ಲಿನ ಮೇಲಲ್ಲ. ಬಿಲ್ಲು ಅದಕ್ಕಿಂತ ಹೆಚ್ಚಾದರೆ ಆ ಹೆಚ್ಚಿನದ್ದು ನಿಮ್ಮ ಜೇಬಿನಿಂದಲೇ. ಹೆಚ್ಚುವರಿ ಇಳುವರಿಯನ್ನು ನಾನು ಸೇರಿಸಿಲ್ಲ, ಟೊಮೆಟೊ ದರ ನಂಬಿ ಸಾಲದ ಕಂತು ಕಟ್ಟಲಾಗದು.

ಈ ಲೆಕ್ಕ ಕೆಡುವುದು ಲ್ಯಾಟರಲ್ ಆರು ಬೆಳೆ ಬಾಳದೆ ಹೋದಾಗ. ಗಡಸು ನೀರಿನ ಸುಣ್ಣ ಡ್ರಿಪ್ಪರಿನ ಬಾಯಲ್ಲಿ ಬಿಳಿಯಾಗಿ ಕೂರುತ್ತದೆ. ಒಂದು ಲೋಟ ಹಿಡಿದು 3 ನಿಮಿಷ ಅಳೆಯಿರಿ: 100 ಮಿ.ಲೀ. ಬರಬೇಕು. ಸಾಲಿನ ತಲೆಯಲ್ಲಿ 100, ಬಾಲದಲ್ಲಿ 80 ಬಂದರೆ ಮೊದಲು ತುದಿಯ ಮುಚ್ಚಳ ಬಿಚ್ಚಿ ನೀರು ಹರಿಸಿ; ಆಗಲೂ ಏರದಿದ್ದರೆ ಆಸಿಡ್ ಬಿಡುವ ಹೊತ್ತು ಬಂದಿದೆ. ಫಿಲ್ಟರಿನ ಎರಡೂ ಬದಿಯ ಗೇಜಿನಲ್ಲಿ ಅರ್ಧ ಕೆ.ಜಿ. ವ್ಯತ್ಯಾಸ ಕಂಡ ದಿನವೇ ಜಾಲರಿ ತೊಳೆಯಿರಿ.